ಸಮುದಾಯ ಭವನದ ಬಜೆಟ್: ಎರಡು ಮೀಸಲು, ಎರಡು ಬೀಗದ ಕೈ

ಹಾಲಿನ ಸಂಘದ ಪಕ್ಕದಲ್ಲೇ ಒಂದು ಸಮುದಾಯ ಭವನ ಇರಲಿ ಎಂಬ ಆಸೆ ಈಗ ಅನೇಕ ಮಹಿಳಾ ಸಂಘಗಳಲ್ಲಿದೆ. ವಾರ್ಷಿಕ ಸಭೆಗೆ ಶಾಮಿಯಾನ ಹಾಕಿಸುವ ಖರ್ಚು ತಪ್ಪುತ್ತದೆ. ತರಬೇತಿ, ಸೀಮಂತ, ಸಣ್ಣ ಮದುವೆಗಳಿಗೂ ಜಾಗವಾಗುತ್ತದೆ, ಬಾಡಿಗೆಯೂ ಬರುತ್ತದೆ. ಆದರೆ ಲಿಂಟಲ್ ಮಟ್ಟಕ್ಕೆ ಬಂದು ನಿಂತು, ಕಂಬಿಗಳು ತುಕ್ಕು ಹಿಡಿಯುತ್ತಿರುವ ಭವನಗಳನ್ನೂ ನಾವೆಲ್ಲ ದಾರಿಯಲ್ಲಿ ಕಂಡಿದ್ದೇವೆ. ಅಂಥ ಕಡೆ ಊರವರು ಗುತ್ತಿಗೆದಾರನನ್ನೋ ಅಧ್ಯಕ್ಷರನ್ನೋ ದೂರುತ್ತಾರೆ. ತೊಂದರೆಯ ಬೀಜ ಬಹಳ ಸಲ ಬಿದ್ದಿರುವುದು ಬಜೆಟ್ ಬರೆದ ದಿನವೇ. ಎಂಜಿನಿಯರ್ ಕೊಟ್ಟ ಅಂದಾಜು ಪಟ್ಟಿಯ ಕೊನೆಯ ಸಾಲಿನ ಮೊತ್ತವನ್ನೇ ಬಜೆಟ್ ಎಂದು ಠರಾವು ಮಾಡಿಬಿಟ್ಟಿರುತ್ತಾರೆ.

ಅಂದಾಜು ಎಂದರೆ ಎಲ್ಲವೂ ಎಣಿಸಿದ ಹಾಗೇ ನಡೆದರೆ ಆಗುವ ಖರ್ಚು. ಬಜೆಟ್ ಎಂದರೆ ಎಣಿಸಿದ ಹಾಗೆ ನಡೆಯದಿದ್ದರೂ ಬಾಗಿಲು ಹಾಕುವವರೆಗೆ ಕೆಲಸ ಮುಗಿಸಲು ಬೇಕಾಗುವ ಹಣ. ಇವೆರಡರ ನಡುವಿನ ಅಂತರವನ್ನು ತುಂಬುವುದು ಎರಡು ಮೀಸಲುಗಳು. ಎಂಜಿನಿಯರುಗಳು ಕಾಂಟಿಂಜೆನ್ಸಿ ರಿಸರ್ವ್ ಎನ್ನುವುದನ್ನು ಇಲ್ಲಿ ಆಕಸ್ಮಿಕ ಮೀಸಲು ಎನ್ನೋಣ. ಮ್ಯಾನೇಜ್‌ಮೆಂಟ್ ರಿಸರ್ವ್ ಎನ್ನುವುದನ್ನು ಆಡಳಿತ ಮೀಸಲು ಎನ್ನೋಣ.

ಎರಡರ ವ್ಯತ್ಯಾಸ ಹಸು ಕಟ್ಟಿದ ಮನೆಯವರಿಗೆ ಹೊಸದಲ್ಲ. ಬೇಸಿಗೆಯಲ್ಲಿ ಹಸಿ ಮೇವು ಕಡಿಮೆಯಾಗಬಹುದು ಎಂದು ಗೊತ್ತು, ಅದಕ್ಕೆ ಬಣವೆ ಒಟ್ಟಿಡುತ್ತೇವೆ. ಕರು ಹಾಕಿದ ಹಸುವಿಗೆ ಕೆಚ್ಚಲು ಬಾವು ಬರಬಹುದು ಎಂದೂ ಗೊತ್ತು, ಡಾಕ್ಟರಿಗೆ ಇಷ್ಟು ಎಂದು ಕೈಯಲ್ಲಿ ಇಟ್ಟಿರುತ್ತೇವೆ. ಬರುತ್ತದೋ ಇಲ್ಲವೋ ಖಚಿತವಿಲ್ಲ. ಆದರೆ ಏನು ಬರಬಹುದು, ಬಂದರೆ ಎಷ್ಟು ಖರ್ಚು ಎಂದು ಹೇಳಬಲ್ಲೆವು. ಇದು ಆಕಸ್ಮಿಕ ಮೀಸಲು. ಇದಲ್ಲದೆ ಪೆಟ್ಟಿಗೆಯ ತಳದಲ್ಲಿ ಯಾವುದಕ್ಕೆ ಎಂದು ಹೆಸರಿಡದ ಒಂದಿಷ್ಟು ಹಣ ಇರುತ್ತದೆ. ಅದನ್ನು ಮನೆಯವರೆಲ್ಲ ಕೂತು ಮಾತಾಡದೆ ಯಾರೂ ಮುಟ್ಟುವುದಿಲ್ಲ. ಅದು ಆಡಳಿತ ಮೀಸಲು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಸಂಘದ ಲಾಭದಿಂದ ಪ್ರತಿ ವರ್ಷ ಕಾಯ್ದೆಯಂತೆ ತೆಗೆದಿಡುವ ಕಾಯ್ದಿಟ್ಟ ನಿಧಿ ಇವೆರಡೂ ಅಲ್ಲ. ಅದಕ್ಕೆ ಸಹಕಾರ ಕಾಯ್ದೆಯದೇ ಕಟ್ಟುಪಾಡು ಇದೆ. "ಹೇಗೂ ಸಂಘದಲ್ಲಿ ರಿಸರ್ವ್ ಇದೆಯಲ್ಲ" ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ, ಅದು ಭವನದ ಮೀಸಲು ಅಲ್ಲ ಎಂದು ಅಲ್ಲಿಯೇ ತಿದ್ದಬೇಕು.

ಈಗ ಲೆಕ್ಕಕ್ಕೆಂದು ಒಂದು ಸಂಘವನ್ನು ಇಟ್ಟುಕೊಳ್ಳೋಣ. ದಿನಕ್ಕೆ 600 ಲೀಟರ್ ಹಾಲು ಬರುವ ಮಹಿಳಾ ಸಂಘ. ಭವನಕ್ಕಾಗಿ ಲೀಟರಿಗೆ 50 ಪೈಸೆ ಕಡಿತಕ್ಕೆ ಸದಸ್ಯೆಯರು ಒಪ್ಪಿದ್ದಾರೆ. ದಿನಕ್ಕೆ 300 ರೂಪಾಯಿ, ವರ್ಷಕ್ಕೆ ಸುಮಾರು 1,10,000 ರೂಪಾಯಿ ಆಯಿತು. ಈ ಅಂಕಿಯನ್ನು ನೆನಪಿನಲ್ಲಿಡಿ. ಕಟ್ಟಡದ ಖರ್ಚು ಒಂದು ಲಕ್ಷ ಮೇಲೆ ಹೋದರೆ ಊರಿನ ಪ್ರತಿ ಲೀಟರ್ ಹಾಲಿನ ಮೇಲೆ ಇನ್ನೊಂದು ವರ್ಷ ಕಡಿತ ಎಂದೇ ಅರ್ಥ.

ಭವನದ ಅಳತೆ ಒಟ್ಟು 2,000 ಚದರ ಅಡಿ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಸಭಾಂಗಣ, ಒಂದು ಕಡೆ ವೇದಿಕೆ, ಹಿಂದೆ ಅಡುಗೆ ಮನೆ, ಉಗ್ರಾಣ, ಶೌಚಾಲಯ. ಸಾಮಾನು ಸಂಘ ತಂದುಕೊಡುವುದು, ಕೂಲಿ ಮಾತ್ರ ಗುತ್ತಿಗೆ ಎಂಬ ಒಪ್ಪಂದ. ಎಂಜಿನಿಯರ್ ಕೊಟ್ಟ ಅಂದಾಜು 35 ಲಕ್ಷ ರೂಪಾಯಿ. ದರಗಳು ನಿಮ್ಮ ಊರಲ್ಲಿ ಬೇರೆ ಇರುತ್ತವೆ, ಇಲ್ಲಿ ನೋಡಬೇಕಾದದ್ದು ಲೆಕ್ಕದ ದಾರಿಯನ್ನು.

ಮೀಸಲಿನ ಮಾತಿಗೆ ಮೊದಲು ಅಂದಾಜು ಪಟ್ಟಿಯನ್ನು ಒಮ್ಮೆ ಜರಡಿ ಹಿಡಿಯಬೇಕು. ಖಂಡಿತ ಬರುವ ಖರ್ಚು ಮೀಸಲಿನಲ್ಲಿ ಇರಬಾರದು, ಅಂದಾಜಿನಲ್ಲೇ ಇರಬೇಕು. ಜಿಎಸ್‌ಟಿ ಸೇರಿದೆಯೇ? ಕಾಮಗಾರಿ ಗುತ್ತಿಗೆಗೆ ಶೇ. 18 ಎಂದರೆ ಸಣ್ಣ ಮೊತ್ತವಲ್ಲ. ನಕ್ಷೆ, ಪಂಚಾಯಿತಿ ಪರವಾನಗಿ, ಎಂಜಿನಿಯರ್ ಶುಲ್ಕ, ಕರೆಂಟ್ ಸಂಪರ್ಕದ ಠೇವಣಿ ಬರೆದಿದ್ದಾರೆಯೇ? ವಯಸ್ಸಾದವರಿಗೆ ಇಳಿಜಾರು ದಾರಿ, ನೀರಿನ ಸಂಪು, ಶೌಚ ಗುಂಡಿ ಇವೆಯೇ? ಇವು ಬಿಟ್ಟುಹೋಗಿದ್ದರೆ ಕೆಲಸ ಆರಂಭವಾದ ಮೂರೇ ತಿಂಗಳಲ್ಲಿ ಮೀಸಲು ಕರಗುತ್ತದೆ. ಆಮೇಲೆ ನಿಜವಾದ ಅಪಾಯ ಬಂದಾಗ ಕೈ ಖಾಲಿ. ನಮ್ಮ ಲೆಕ್ಕದ 35 ಲಕ್ಷದಲ್ಲಿ ಇವೆಲ್ಲ ಸೇರಿವೆ ಎಂದುಕೊಳ್ಳೋಣ.

ಅನೇಕ ಅಂದಾಜು ಪಟ್ಟಿಗಳ ಕೊನೆಯಲ್ಲಿ ಶೇ. 3 ಅಥವಾ ಶೇ. 5 ಎಂದು ಆಕಸ್ಮಿಕ ವೆಚ್ಚದ ಒಂದು ಸಾಲು ಇರುತ್ತದೆ. ಅದು ರೂಢಿಯಿಂದ ಬಂದ ಅಂಕಿ. ಗಟ್ಟಿ ನೆಲದ ಮೇಲೆ ಕಟ್ಟುವ ಊರಿಗೂ ಎರೆಮಣ್ಣಿನ ಊರಿಗೂ ಒಂದೇ ಶೇಕಡಾ ಹಾಕಿದರೆ ಅದರಲ್ಲಿ ನಮ್ಮ ನಿವೇಶನದ ವಿಷಯ ಏನೂ ಇರುವುದಿಲ್ಲ. ಬದಲಿಗೆ ಸದಸ್ಯೆಯರು, ಮೇಸ್ತ್ರಿ, ಎಂಜಿನಿಯರ್ ಒಂದು ಮಧ್ಯಾಹ್ನ ನಿವೇಶನದಲ್ಲೇ ಕೂತು "ಇಲ್ಲಿ ಏನು ಕೆಡಬಹುದು" ಎಂದು ಪಟ್ಟಿ ಮಾಡುವುದು ಒಳ್ಳೆಯದು. ಪಕ್ಕದ ಮನೆ ಕಟ್ಟಿಸಿದ ಅಜ್ಜಿ ಹೇಳುವ ಮಾತು ಇಲ್ಲಿ ಬಹಳ ಬೆಲೆಯುಳ್ಳದ್ದು. ಯಾವ ಆಳಕ್ಕೆ ಗಟ್ಟಿ ನೆಲ ಸಿಕ್ಕಿತು, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ನಮ್ಮ ಸಂಘದ ಪಟ್ಟಿಯಲ್ಲಿ ಐದು ಅಪಾಯಗಳು ಬಂದವು. ಮೊದಲನೆಯದು ಪಾಯ. ಅಂದಾಜಿನಲ್ಲಿ ಐದು ಅಡಿ ಆಳ ಬರೆದಿದೆ. ಎರೆಮಣ್ಣು ಅದಕ್ಕಿಂತ ಕೆಳಗೂ ಇದ್ದರೆ ಎಂಟು ಅಡಿವರೆಗೆ ಹೋಗಬೇಕು. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಮಣ್ಣು. ಅದರ ಮೇಲೆ ಪಾಯ ನಿಲ್ಲಿಸಿದರೆ ಗೋಡೆಯೂ ಅದರ ಜೊತೆ ಬಿರಿಯುತ್ತದೆ. ಹೆಚ್ಚು ಆಳ ಹೋದರೆ ಹೆಚ್ಚುವರಿ ಖರ್ಚು 2 ಲಕ್ಷ. ಆಗುವ ಸಾಧ್ಯತೆ ಎರಡರಲ್ಲಿ ಒಂದು. ಎರಡು ಲಕ್ಷದ ಅರ್ಧ, ಅಂದರೆ 1 ಲಕ್ಷ ಎಂದು ಬರೆದರು. ಅಪಾಯ ಬಂದರೆ ಆಗುವ ಖರ್ಚನ್ನು ಅದು ಬರುವ ಸಾಧ್ಯತೆಯಿಂದ ಗುಣಿಸುವುದು, ಇಷ್ಟೇ ಈ ಲೆಕ್ಕದ ಸೂತ್ರ.

ಎರಡನೆಯದು ಕರೆಂಟು. ಊರಿನ ಟಿಸಿಯ ಮೇಲೆ ಈಗಾಗಲೇ ಹೊರೆ ಹೆಚ್ಚಿದ್ದು, ಭವನಕ್ಕೆ ಬೇರೆ ಕಂಬ, ಲೈನು ಎಳೆಯಬೇಕಾದರೆ ಒಂದೂವರೆ ಲಕ್ಷ. ಮೂರರಲ್ಲಿ ಒಂದು ಸಾಧ್ಯತೆ, ಹಾಗಾಗಿ 50,000. ಮೂರನೆಯದು ಕಬ್ಬಿಣ, ಸಿಮೆಂಟಿನ ದರ. ಇವೆರಡರ ಪಾಲು ಸುಮಾರು 9 ಲಕ್ಷ, ನೂರಕ್ಕೆ ಹತ್ತು ಏರಿದರೆ 90,000. ಮೂರರಲ್ಲಿ ಒಂದು ಸಾಧ್ಯತೆಯಂತೆ 30,000. ಸಾಮಾನು ಸಮೇತ ನಿಗದಿತ ಮೊತ್ತಕ್ಕೆ ಗುತ್ತಿಗೆ ಕೊಟ್ಟಿದ್ದರೆ ಈ ಅಪಾಯ ಗುತ್ತಿಗೆದಾರನ ತಲೆಯ ಮೇಲಿರುತ್ತಿತ್ತು, ನಾವು ಬರೆಯಬೇಕಾಗಿರಲಿಲ್ಲ. ಆದರೆ ಅವನು ಅದಕ್ಕೆ ತನ್ನ ದರದಲ್ಲಿ ಸೇರಿಸಿಯೇ ಇರುತ್ತಾನೆ, ಪುಕ್ಕಟೆ ಏನಲ್ಲ.

ನಾಲ್ಕನೆಯದು ಮಳೆ. ಮೋಲ್ಡ್ ಹಾಕುವ ಹೊತ್ತಿಗೆ ಮಳೆ ಹಿಡಿದರೆ ಸೆಂಟ್ರಿಂಗ್ ಕಟ್ಟಿದ್ದು ಕಟ್ಟಿದ ಹಾಗೇ ನಿಲ್ಲುತ್ತದೆ, ಬಾಡಿಗೆ ಓಡುತ್ತಿರುತ್ತದೆ. ದಿನಕ್ಕೆ 2,000ದಂತೆ ಒಂದು ತಿಂಗಳಿಗೆ 60,000, ಎರಡರಲ್ಲಿ ಒಂದು ಸಾಧ್ಯತೆಗೆ 30,000. ಐದನೆಯದು ನೀರು. ಕೊಳವೆ ಬಾವಿ ಕೈಕೊಟ್ಟರೆ ಕ್ಯೂರಿಂಗ್‌ಗೆ ಟ್ಯಾಂಕರ್ ತರಿಸಬೇಕು, 80,000. ನಾಲ್ಕರಲ್ಲಿ ಒಂದು ಸಾಧ್ಯತೆ ಎಂದು 20,000.

ಕೂಡಿಸಿದರೆ 2,30,000. ಪುಸ್ತಕದ ಪ್ರಕಾರ ಇದೇ ಆಕಸ್ಮಿಕ ಮೀಸಲು. ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ನೂರಾರು ಕಾಮಗಾರಿ ನಡೆಸುವ ದೊಡ್ಡ ಸಂಸ್ಥೆಗೆ ಈ ಸರಾಸರಿ ಲೆಕ್ಕ ಸರಿಹೋಗುತ್ತದೆ, ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ತುಂಬುತ್ತದೆ. ನಾವು ಕಟ್ಟುವುದು ಒಂದೇ ಭವನ. ಪಾಯ ಆಳ ಹೋದರೆ ಖರ್ಚಾಗುವುದು 2 ಲಕ್ಷವೇ ಹೊರತು ಲೆಕ್ಕದ 1 ಲಕ್ಷ ಅಲ್ಲ. ಒಂದೇ ಅಪಾಯ ಬಂದು ಮೀಸಲನ್ನು ಹೆಚ್ಚುಕಡಿಮೆ ಪೂರ್ತಿ ತಿಂದುಹೋಗುತ್ತದೆ. ಐದೂ ಒಟ್ಟಿಗೆ ಬಂದರೆ 5,80,000 ಆಗುತ್ತದೆ. ಅಷ್ಟನ್ನೂ ಮೊದಲೇ ಎತ್ತಿಡುವುದೂ ಜಾಣತನವಲ್ಲ, ಲೀಟರಿಗೆ 50 ಪೈಸೆಯ ಕಡಿತದಲ್ಲಿ ಅದು ಐದು ವರ್ಷಕ್ಕೂ ಮೇಲಿನ ಹಣ. ಸಣ್ಣ ಕಾಮಗಾರಿಗೆ ನಾನು ಒಪ್ಪುವ ಪದ್ಧತಿ ಹೀಗಿದೆ: ಪಟ್ಟಿಯಲ್ಲಿರುವ ಅತಿ ದೊಡ್ಡ ಅಪಾಯಕ್ಕೆ ಪೂರ್ತಿ ಮೊತ್ತ, ಉಳಿದವಕ್ಕೆ ಸಾಧ್ಯತೆಯ ಲೆಕ್ಕದ ಮೊತ್ತ. ಹಾಗೆ ಮಾಡಿದರೆ ಪಾಯಕ್ಕೆ 2,00,000, ಉಳಿದ ನಾಲ್ಕಕ್ಕೆ 1,30,000, ಒಟ್ಟು 3,30,000.

ಇಷ್ಟು ಹಣ ಮೀಸಲಿಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಈ ಅನಿಶ್ಚಿತತೆಯನ್ನು ಕಡಿಮೆ ಖರ್ಚಿನಲ್ಲಿ ತೀರಿಸಿಬಿಡಬಹುದೇ? ಪಾಯದ ವಿಷಯದಲ್ಲಿ ಖಂಡಿತ ಆಗುತ್ತದೆ. ಜೆಸಿಬಿ ಕರೆಸಿ ನಿವೇಶನದ ನಾಲ್ಕು ಕಡೆ ಪರೀಕ್ಷಾ ಗುಂಡಿ ತೆಗೆಸಿದರೆ ಕೆಲವು ಗಂಟೆಯ ಬಾಡಿಗೆಯಲ್ಲಿ ಉತ್ತರ ಸಿಗುತ್ತದೆ. ಎಂಜಿನಿಯರ್ ಗುಂಡಿಗೆ ಇಳಿದು ನೋಡಬೇಕು, ಮೇಲಿಂದ ಇಣುಕಿದರೆ ಸಾಲದು. ನಮ್ಮ ಸಂಘ ಗುಂಡಿ ತೆಗೆಸಿದಾಗ ಎರೆಮಣ್ಣು ಏಳು ಅಡಿವರೆಗೆ ಇದ್ದದ್ದು ಕಂಡಿತು ಎಂದುಕೊಳ್ಳೋಣ. ಈಗ ಅದು ಅಪಾಯವಲ್ಲ, ಖಚಿತವಾದ ಖರ್ಚು. ಆ 2 ಲಕ್ಷವನ್ನು ಮೀಸಲಿನಿಂದ ತೆಗೆದು ಅಂದಾಜಿಗೆ ಸೇರಿಸಬೇಕು. ಅಂದಾಜು 37 ಲಕ್ಷವಾಯಿತು.

ಪಟ್ಟಿಯಲ್ಲಿ ಉಳಿದ ನಾಲ್ಕರಲ್ಲಿ ಈಗ ದೊಡ್ಡದು ಕರೆಂಟಿನದು. ಅದಕ್ಕೆ ಪೂರ್ತಿ 1,50,000, ಉಳಿದ ಮೂರಕ್ಕೆ 80,000. ಆಕಸ್ಮಿಕ ಮೀಸಲು 2,30,000. ಅಂದಾಜು ಮತ್ತು ಆಕಸ್ಮಿಕ ಮೀಸಲು ಸೇರಿ 39,30,000. ಇದನ್ನು ಕೆಲಸದ ಬಜೆಟ್ ಎನ್ನೋಣ. ಕಟ್ಟಡ ಉಪಸಮಿತಿ ಇದರೊಳಗೆ ಕೆಲಸ ಮುಗಿಸಬೇಕು, ಖರ್ಚನ್ನು ಪ್ರತಿ ತಿಂಗಳು ಇದರ ಎದುರಿಗಿಟ್ಟೇ ಅಳೆಯಬೇಕು.

ಇನ್ನು ಆಡಳಿತ ಮೀಸಲು. ಪಟ್ಟಿಯಲ್ಲಿ ಯಾರೂ ಬರೆಯದ, ಯಾರಿಗೂ ಹೊಳೆಯದ ಸಂಗತಿಗೆ ಇದು. ಹೆಸರೇ ಗೊತ್ತಿಲ್ಲದ ಅಪಾಯವನ್ನು ಸಾಧ್ಯತೆಯಿಂದ ಗುಣಿಸಲು ಬರುವುದಿಲ್ಲ, ಇಲ್ಲಿ ಮಾತ್ರ ಶೇಕಡಾ ಲೆಕ್ಕವೇ ದಾರಿ. ಸಾಮಾನ್ಯವಾಗಿ ಕೆಲಸದ ಬಜೆಟ್ಟಿನ ನೂರಕ್ಕೆ ಐದರಿಂದ ಹತ್ತು ಇಡುತ್ತಾರೆ. ಖಾಲಿ ಬಯಲಿನಲ್ಲಿ ಮಾಮೂಲಿ ಭವನವಾದರೆ ಕೆಳಗಿನ ಅಂಕಿ ಸಾಕು. ಹಳೆಯ ಊರಿನ ನಡುವೆ, ಹಿಂದೆ ಏನಿತ್ತೆಂದು ಗೊತ್ತಿಲ್ಲದ ಜಾಗದಲ್ಲಿ ಕಟ್ಟುವಾಗ ಮೇಲಕ್ಕೆ ಹೋಗಬೇಕು. ನಮ್ಮ ಸಂಘ ಸುಮಾರು ನೂರಕ್ಕೆ ಏಳರಂತೆ 2,70,000 ಇಟ್ಟಿತು. ಒಟ್ಟು ಬಜೆಟ್ 42 ಲಕ್ಷ. ಕಟ್ಟಡ ನಿಧಿ ಮತ್ತು ಮಂಜೂರಾದ ಅನುದಾನದಿಂದ 36,50,000. ಉಳಿದ 5,50,000ವನ್ನು ಬೈಲಾ ಪ್ರಕಾರ ಬೇಕಾದ ಅನುಮತಿ ಪಡೆದು ಸಂಘ ಮೊದಲು ಕೊಡುವುದು, ಐದು ವರ್ಷದ ಕಡಿತದಿಂದ ಭರ್ತಿ ಮಾಡಿಕೊಳ್ಳುವುದು ಎಂದು ಮಹಾಸಭೆಯಲ್ಲಿ ಠರಾವಾಯಿತು. ಅನುದಾನದ ಆದೇಶ ಕೈಗೆ ಬಾರದೆ, ಬರೀ ಬಾಯಿಮಾತಿನ ಭರವಸೆಯನ್ನು ಇಂಥ ಲೆಕ್ಕದಲ್ಲಿ ಬರೆಯಬಾರದು.

ಎರಡು ಮೀಸಲನ್ನು ಬೇರೆ ಬೇರೆ ಬರೆದು ಒಬ್ಬರ ಕೈಗೇ ಕೊಟ್ಟರೆ ಪ್ರಯೋಜನವಿಲ್ಲ. ಆಕಸ್ಮಿಕ ಮೀಸಲಿನ ಬೀಗದ ಕೈ ಅಧ್ಯಕ್ಷೆ, ಕಾರ್ಯದರ್ಶಿ, ಒಬ್ಬ ನಿರ್ದೇಶಕಿ ಇರುವ ಕಟ್ಟಡ ಉಪಸಮಿತಿಯದು. ಪಟ್ಟಿಯಲ್ಲಿರುವ ಅಪಾಯ ನಿಜವಾಗಿ ಬಂದಾಗ ಎಂಜಿನಿಯರ್ ಅಳತೆ ಬರೆದುಕೊಟ್ಟ ಮೇಲೆ ಅವರೇ ಹಣ ಬಿಡಬಹುದು, ಮಂಡಳಿಯ ಸಭೆಗೆ ಕಾಯಬೇಕಾಗಿಲ್ಲ. ಮಳೆ ಸುರಿಯುವಾಗ ಸಭೆಯ ನೋಟಿಸ್ ಹೊರಡಿಸುತ್ತ ಕೂರಲಾಗದು. ಆಡಳಿತ ಮೀಸಲಿನ ಬೀಗದ ಕೈ ಆಡಳಿತ ಮಂಡಳಿಯದು. ಕಾರಣ, ಮೊತ್ತ ಎರಡೂ ಠರಾವಿನಲ್ಲಿ ಬರೆದಾಗಲೇ ಅದು ಬಿಡುಗಡೆ, ಮುಂದಿನ ಮಹಾಸಭೆಯಲ್ಲಿ ಸದಸ್ಯೆಯರಿಗೆ ಅದರ ವಿವರ. ಗುತ್ತಿಗೆದಾರನ ಒಪ್ಪಂದದಲ್ಲಿ ಈ ಎರಡೂ ಮೊತ್ತ ಕಾಣಬಾರದು. ಒಪ್ಪಂದ ಅವನ ಕೂಲಿಗೆ ಮಾತ್ರ. ಹೆಚ್ಚುವರಿ ಕೆಲಸಕ್ಕೆ ಮೊದಲೇ ಲಿಖಿತ ಆದೇಶ ಇಲ್ಲದಿದ್ದರೆ ಹಣವಿಲ್ಲ ಎಂಬ ಷರತ್ತು ಅದರಲ್ಲಿ ಇರಲಿ.

ಕೆಲಸ ಆರಂಭವಾಯಿತು. ಪಾಯ ಎಂಟು ಅಡಿಗೆ ಹೋಯಿತು, ಅದು ಅಂದಾಜಿನಲ್ಲೇ ಇದ್ದುದರಿಂದ ಮೀಸಲನ್ನು ಮುಟ್ಟಬೇಕಾಗಲಿಲ್ಲ. ಕಂಬಗಳು ಏಳುವ ಹೊತ್ತಿಗೆ ಕಬ್ಬಿಣದ ದರ ಏರಿ 52,000 ಹೆಚ್ಚು ಬಿತ್ತು. ಪಟ್ಟಿಯಲ್ಲಿದ್ದ ಅಪಾಯ, ಉಪಸಮಿತಿ ಬರೆದು ಕೊಟ್ಟಿತು. ಮೋಲ್ಡಿಗೆ ಸಿದ್ಧವಾದಾಗ ಮಳೆ ಹಿಡಿದು ಹತ್ತೊಂಬತ್ತು ದಿನ ಸೆಂಟ್ರಿಂಗ್ ಬಾಡಿಗೆ ಓಡಿತು, 38,000. ಇದೂ ಆಕಸ್ಮಿಕ ಮೀಸಲಿನಿಂದಲೇ ಹೋಯಿತು. ಬಾಡಿಗೆ ಉಳಿಸಲು ಮೇಸ್ತ್ರಿ ಮೋಲ್ಡ್ ಹಾಕಿದ ಹತ್ತೇ ದಿನಕ್ಕೆ ಆಸರೆ ಬಿಚ್ಚೋಣ ಎಂದ. ಆರು ಮೀಟರಿಗಿಂತ ಉದ್ದದ ತೊಲೆಯಡಿಯ ಆಸರೆಯನ್ನು ಮಾಮೂಲಿ ಸಿಮೆಂಟಿನಲ್ಲಿ 21 ದಿನ ತೆಗೆಯಬಾರದೆಂಬುದು ಕಾಂಕ್ರೀಟಿನ ಭಾರತೀಯ ಮಾನಕದ ನಿಯಮ. ನಮ್ಮ ಸಭಾಂಗಣದ ತೊಲೆ ಮೂವತ್ತು ಅಡಿ, ಅಂದರೆ ಒಂಬತ್ತು ಮೀಟರ್. ಬಾಡಿಗೆಗೆ ಮೀಸಲಿನಲ್ಲಿ ಹಣವಿದ್ದುದರಿಂದ ಎಂಜಿನಿಯರ್ ಬೇಡ ಎಂದಾಗ ಯಾರೂ ಎದುರು ಹೇಳಲಿಲ್ಲ. ಹಣವಿಲ್ಲದ ಸಂಘ ಒತ್ತಡಕ್ಕೆ ಬಗ್ಗುವುದು ಇಂಥ ಹೊತ್ತಿನಲ್ಲೇ.

ಆಮೇಲೆ ಶೌಚ ಗುಂಡಿ ತೆಗೆಯುವಾಗ ಹಿಂಭಾಗದಲ್ಲಿ ಮುಚ್ಚಿಹೋದ ಹಳೆಯ ಬಾವಿ ಸಿಕ್ಕಿತು. ನಾಲ್ಕು ಪರೀಕ್ಷಾ ಗುಂಡಿಗಳಲ್ಲಿ ಒಂದೂ ಆ ಕಡೆ ಬಿದ್ದಿರಲಿಲ್ಲ, ಹಿರಿಯರಿಗೂ ನೆನಪಿರಲಿಲ್ಲ. ಸಡಿಲ ಮಣ್ಣು ತೆಗೆದು, ಕಲ್ಲು, ಕಾಂಕ್ರೀಟು ತುಂಬಿ, ಅಡುಗೆ ಮನೆಯ ಗೋಡೆಯಡಿ ಹೊಸ ತೊಲೆ ಕೊಡಲು 1,55,000. ಆಕಸ್ಮಿಕ ಮೀಸಲಿನಲ್ಲಿ ಆಗ 1,40,000 ಉಳಿದಿತ್ತು, ಅದನ್ನೇ ಬಳಸಿಬಿಡೋಣ ಎಂಬ ಮಾತು ಬಂತು. ಇಲ್ಲಿ ತಪ್ಪು ಮಾಡುವವರು ಬಹಳ. ಬಾವಿ ಪಟ್ಟಿಯಲ್ಲಿ ಇರಲಿಲ್ಲ. ಕರೆಂಟಿನ ಅಪಾಯ ಇನ್ನೂ ತೀರಿರಲಿಲ್ಲ. ಉಳಿದ ಹಣ ಬಿಡುವಾಗಿ ಬಿದ್ದಿರುವ ಹಣವಲ್ಲ, ಇನ್ನೂ ಬರಬಹುದಾದ ಅಪಾಯಗಳಿಗೆ ಕಾಯುತ್ತಿರುವ ಹಣ. ಮಂಡಳಿ ಸಭೆ ಸೇರಿ ಆಡಳಿತ ಮೀಸಲಿನಿಂದ 1,55,000 ಬಿಡುಗಡೆ ಮಾಡಿತು. ಹಾಗೆ ಬಿಟ್ಟ ಮೊತ್ತ ಕೆಲಸದ ಬಜೆಟ್ಟಿಗೆ ಸೇರುತ್ತದೆ. ಅದು ಈಗ 40,85,000, ಆಡಳಿತ ಮೀಸಲಿನಲ್ಲಿ ಉಳಿದದ್ದು 1,15,000. ಒಟ್ಟು 42 ಲಕ್ಷ ಕದಲಲಿಲ್ಲ.

ನೆಲ ಹಾಕುವ ಹಂತದಲ್ಲಿ ಬೇರೆ ಒಂದು ಬೇಡಿಕೆ ಬಂತು. ಊಟದ ಹಾಲ್ ಒಂದನ್ನು ಪಕ್ಕಕ್ಕೆ ಸೇರಿಸೋಣ, ಮೀಸಲು ಹೇಗೂ ಇದೆ ಎಂದರು ಕೆಲವರು. ಊಟದ ಹಾಲ್ ಬೇಕೇ ಬೇಡವೇ ಎಂಬುದು ಸದಸ್ಯೆಯರ ತೀರ್ಮಾನ. ಆದರೆ ಅದು ಅಪಾಯವೂ ಅಲ್ಲ, ಆಕಸ್ಮಿಕವೂ ಅಲ್ಲ, ಹೊಸ ಕೆಲಸ. ಅದಕ್ಕೆ ಹೊಸ ಅಂದಾಜು, ಹೊಸ ಹಣ, ಅದರದೇ ಮೀಸಲು ಬೇಕು. ಗ್ರಾನೈಟ್ ಮೆಟ್ಟಿಲು, ದ್ವಾರದ ಕಮಾನು, ಹೆಸರಿನ ಫಲಕ ಇವಕ್ಕೂ ಇದೇ ಮಾತು. ಭವನದ ಮೀಸಲು ಬಂಡೆ, ಮಳೆಗಳಿಗಿಂತ ಹೆಚ್ಚಾಗಿ ಕರಗುವುದು ಈ ಬಾಗಿಲಿನಿಂದ ಎಂದರೆ ಅತಿಶಯವಲ್ಲ.

ಮೀಸಲು ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಕಾರ್ಯದರ್ಶಿ ಒಂದು ನೋಟ್‌ಬುಕ್ಕಿನಲ್ಲಿ ತಿಂಗಳಿಗೊಮ್ಮೆ ಎರಡು ಅಂಕಿ ಬರೆದರೆ ಸಾಕು. ಒಂದು, ಆಕಸ್ಮಿಕ ಮೀಸಲಿನಲ್ಲಿ ಉಳಿದ ಹಣ. ಇನ್ನೊಂದು, ಪಟ್ಟಿಯಲ್ಲಿ ಇನ್ನೂ ತೀರದ ಅಪಾಯಗಳಿಗೆ ಬೇಕಾದ ಹಣ, ಅದೇ ಪದ್ಧತಿಯಲ್ಲಿ ಮತ್ತೆ ಲೆಕ್ಕ ಹಾಕಿದ್ದು. ಎರಡನೆಯದು ಮೊದಲನೆಯದನ್ನು ಮೀರಿದ ತಿಂಗಳೇ ಮಂಡಳಿಗೆ ತಿಳಿಸಬೇಕು. ನಮ್ಮ ಸಂಘದಲ್ಲಿ ಬಾವಿ ಸಿಕ್ಕ ತಿಂಗಳು ಉಳಿದದ್ದು 1,40,000. ತೀರದೆ ಇದ್ದವು ಕರೆಂಟು, ನೀರು. ಅವಕ್ಕೆ ಬೇಕಾದದ್ದು 1,70,000. ಮೂವತ್ತು ಸಾವಿರ ಕೊರತೆ! ಮುಂದಿನ ವಾರವೇ ಕಾರ್ಯದರ್ಶಿ ವಿದ್ಯುತ್ ಕಂಪನಿಯ ಕಚೇರಿಗೆ ಹೋಗಿ, ಹೊರೆಯ ಅಳತೆ ಮಾಡಿಸಿ, ಈಗಿನ ಟಿಸಿಯಿಂದಲೇ ಸಂಪರ್ಕ ಕೊಡಬಹುದು ಎಂದು ಬರೆಸಿಕೊಂಡು ಬಂದರು. ಆ ಒಂದು ಕಾಗದದಿಂದ ಒಂದೂವರೆ ಲಕ್ಷದ ಅಪಾಯ ತೀರಿತು. ಇದನ್ನು ಪಾಯದ ಗುಂಡಿಯ ಜೊತೆಯಲ್ಲೇ ಮಾಡಿಸಿದ್ದರೆ ಇನ್ನೂ ಚೆನ್ನಾಗಿತ್ತು.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಗುರುತು ಕಾಣಬಹುದು. ಆಕಸ್ಮಿಕ ಮೀಸಲಿನಿಂದ ಐದು ಸಾವಿರ, ಎಂಟು ಸಾವಿರ ಎಂದು ಚಿಲ್ಲರೆ ಮೊತ್ತಗಳು ಮೇಲಿಂದ ಮೇಲೆ ಹೋಗುತ್ತಿದ್ದರೆ, ಪಟ್ಟಿಯ ಯಾವ ಅಪಾಯಕ್ಕೆ ಎಂದು ಪಕ್ಕದಲ್ಲಿ ಬರೆದಿಲ್ಲದಿದ್ದರೆ, ಅಂದಾಜಿನಲ್ಲೇ ಏನೋ ಬಿಟ್ಟುಹೋಗಿದೆ ಎಂದು ತಿಳಿಯಬೇಕು. ಆಗ ಉಳಿದ ಕೆಲಸದ ಅಂದಾಜನ್ನು ಹೊಸದಾಗಿ ಬರೆಸುವುದೇ ಸರಿ.

ಬೀಗದ ಕೈ ಪಡೆದ ದಿನದ ಲೆಕ್ಕ ಹೀಗಿತ್ತು. ಅಂದಾಜಿನ ಕೆಲಸಕ್ಕೆ 37 ಲಕ್ಷ, ದರ ಏರಿಕೆ ಮತ್ತು ಮಳೆಗೆ 90,000, ಬಾವಿಗೆ 1,55,000. ಒಟ್ಟು 39,45,000. ಕೊಳವೆ ಬಾವಿ ಕೊನೆಯವರೆಗೆ ಕೈಹಿಡಿಯಿತು. ಎರಡೂ ಮೀಸಲಿನಲ್ಲಿ ಉಳಿದದ್ದು 2,55,000. ಅದನ್ನು ಕುರ್ಚಿ, ಪಾತ್ರೆಗಳಿಗೆ ಹಾಕೋಣ ಎಂಬ ಸಲಹೆಯೂ ಬಂತು. ಠರಾವಿನಲ್ಲಿ ಉಳಿಕೆ ಕಡಿತಕ್ಕೆ ವಜಾ ಎಂದು ಮೊದಲೇ ಬರೆದಿದ್ದುದರಿಂದ ಚರ್ಚೆ ಬೆಳೆಯಲಿಲ್ಲ. ಐದು ವರ್ಷ ನಡೆಯಬೇಕಿದ್ದ ಲೀಟರಿಗೆ 50 ಪೈಸೆಯ ಕಡಿತ ಎರಡು ವರ್ಷ ಒಂಬತ್ತು ತಿಂಗಳ ಒಳಗೇ ಮುಗಿಯುತ್ತದೆ.